ರಾಜೀನಾಮೆ ಕೊಟ್ಟ ಮೇಲಿನ ಮೂವತ್ತು ದಿನ



ಹೋದ ವಾರ ಒಬ್ಬ ತಮ್ಮ ಫೋನ್ ಮಾಡಿದ್ದ. "ಅಣ್ಣಾ, ಕೆಲಸ ಬಿಟ್ಟೆ. ಒಂದು ತಿಂಗಳು ಎಲ್ಲಾದ್ರೂ ಸುತ್ತಾಡ್ಕೊಂಡು ಬರೋಣ ಅಂತಿದ್ದೀನಿ, ಎಲ್ಲಿಗೆ ಹೋಗ್ಲಿ?" ಅಂದ. ತಕ್ಷಣ ಉತ್ತರ ಹೇಳೋಕಾಗಲಿಲ್ಲ. ನಾನೂ ಹಾಗೆ ಸುತ್ತಾಡಿದವನೇ. ಅದರಲ್ಲಿ ಅರ್ಧ ತಿಂಗಳು ದಂಡ ಮಾಡಿಕೊಂಡವನು. ಅದನ್ನೇ ಇಲ್ಲಿ ಬರೀತಿದ್ದೀನಿ.

2023ರ ಅಕ್ಟೋಬರ್ ಕೊನೆಗೆ ನಾನು ಕೆಲಸ ಬಿಟ್ಟೆ. ಒಂದು ಖಾಸಗಿ ಸಂಸ್ಥೆಯ ಆಫೀಸಿನಲ್ಲಿ ಹನ್ನೊಂದು ವರ್ಷ ನಾಲ್ಕು ತಿಂಗಳು ಗುಮಾಸ್ತಿಕೆ. ಯಾಕೆ ಬಿಟ್ಟೆ ಅನ್ನೋದು ಉದ್ದದ ಕತೆ. ಚಿಕ್ಕದಾಗಿ ಹೇಳೋದಾದ್ರೆ, ನಾನು ಕೆಲಸ ಕಲಿಸಿದ ಇಬ್ಬರು ಹುಡುಗರು ನನ್ನ ಮೇಲಿನ ಕುರ್ಚಿಗೆ ಹೋದರು. ಮೂರನೆಯವನ ಸಲ ಕೇಳೋಕೆ ಹೋದಾಗ ಸೂಪರಿಂಟೆಂಡೆಂಟ್, "ನಿಮ್ಮೋರಿಗೆ ಸರ್ಕಾರದಲ್ಲಿ ಎಲ್ಲಾ ಇದೆಯಲ್ಲಪ್ಪ, ಇಲ್ಲೂ ಬೇಕಾ" ಅಂದ್ರು. ನಗ್ತಾನೇ ಅಂದ್ರು. ಅವತ್ತು ರಾತ್ರಿ ಪತ್ರ ಟೈಪ್ ಮಾಡಿದೆ.

ಗ್ರಾಚ್ಯುಟಿ ಎಷ್ಟು ಬರುತ್ತೆ ಅಂತ ಕೂತು ಲೆಕ್ಕ ಹಾಕಿದೆ. ಮೂಲವೇತನ, ತುಟ್ಟಿಭತ್ಯೆ ಸೇರಿ 18,200. ಅದನ್ನ 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 10,500. ಹನ್ನೊಂದು ವರ್ಷಕ್ಕೆ 1,15,500. ಆರು ತಿಂಗಳು ದಾಟಿದ್ರೆ ಹನ್ನೆರಡು ವರ್ಷ ಅಂತ ಹಿಡೀತಾರೆ, ನಂದು ನಾಲ್ಕೇ ತಿಂಗಳು, ಅದು ಹೋಯ್ತು. ಆ ದುಡ್ಡು ಮಗಳ ಓದಿಗೆ ಅಂತ ತೆಗೆದಿಟ್ಟಂಗೆ. ತಿರುಗಾಟಕ್ಕೆ ಚೀಟಿಯ ಮೂವತ್ತು ಸಾವಿರ ಇತ್ತು. ಮನೆಯವಳೇ ಹೇಳಿದ್ದು: "ಮನೇಲಿ ಕೂತ್ರೆ ಆ ಆಫೀಸು ನಿಮ್ಮ ಜೊತೆಗೇ ಕೂತಿರುತ್ತೆ. ಹೋಗ್ಬನ್ನಿ."

ಹೋದೆ. ಆದ್ರೆ ಹೆಂಗೆ ಹೋದೆ ಗೊತ್ತಾ? ಎಕ್ಸೆಲ್ ಶೀಟ್ ಮಾಡಿಕೊಂಡು! ಮಲೆನಾಡು, ಮುರುಡೇಶ್ವರ, ಗೋಕರ್ಣ, ಗೋವಾ, ಹಂಪಿ. ಯಾವ ಬಸ್ಸು, ಯಾವ ಲಾಡ್ಜು, ಚೆಕ್‌ಔಟ್ ಎಷ್ಟು ಗಂಟೆ, ಎಲ್ಲಾ ಕಾಲಂ ಹಾಕಿದ್ದೆ. ಹನ್ನೆರಡು ದಿನದಲ್ಲಿ ಏಳು ಕಡೆ ಮಲಗಿ ಎದ್ದೆ. ಬೆಳಗ್ಗೆ ಎದ್ದ ಕೂಡಲೆ ಗಡಿಯಾರ, ಬ್ಯಾಗು, ಬಿಲ್ಲು. ಸಂಬಳ ಇಲ್ಲದ ಆಫೀಸು ಅದು.

ಅದಕ್ಕಿಂತ ದೊಡ್ಡ ದಣಿವು ಬೇರೆ ಇತ್ತು. ಮಲೆನಾಡಿನ ಒಂದು ಹೋಂಸ್ಟೇ. ಮನೆಯವರ ಜೊತೆಗೇ ಊಟ, ಒಳ್ಳೆ ಜನ, ಕಡುಬು ಬಡಿಸ್ತಾ ಯಜಮಾನರು ಕೇಳಿದ್ರು: "ಮೈಸೂರು ಕಡೆಯವರು ಅಂದ್ರಲ್ಲ, ಯಾವ ಜನ?" ಸಭೆಗಳಲ್ಲಿ ಮೈಕ್ ಹಿಡಿದು ಎದೆ ತಟ್ಟಿ ಜಾತಿ ಹೇಳೋ ನಾನು ಅವತ್ತು "ಮೈಸೂರಿಂದ ಸ್ವಲ್ಪ ಒಳಗೆ ಸಾರ್, ನಂಜನಗೂಡು ಕಡೆ" ಅಂತ ಊರಿನ ಉತ್ತರ ಕೊಟ್ಟೆ. ಅವರು ಇನ್ನೊಂದು ಸಲ ಕೇಳಲಿಲ್ಲ. ನಾನು ಇನ್ನೊಂದು ಕಡುಬು ತಿನ್ನಲಿಲ್ಲ. ರಾತ್ರಿಯೆಲ್ಲಾ ನಿದ್ದೆ ಇಲ್ಲ. ಸುಳ್ಳು ಹೇಳಿದ್ದಕ್ಕಲ್ಲ, ದುಡ್ಡು ಕೊಟ್ಟು ಬಂದ ಜಾಗದಲ್ಲೂ ಕಾವಲು ಕಾಯ್ತಿದ್ದೀನಲ್ಲ ಅಂತ. ಹನ್ನೊಂದು ವರ್ಷ ಆಫೀಸಲ್ಲಿ ನನ್ನ ಸುಸ್ತು ಮಾಡಿದ್ದು ಫೈಲುಗಳಲ್ಲ, ಇದೇ ಕಾವಲು. ಯಾರು ಯಾವಾಗ ಏನು ಅಂತಾರೋ ಅಂತ ಮೈಯೆಲ್ಲಾ ಕಿವಿಯಾಗಿರೋದು.

ಗೋವಾದ ಸಮುದ್ರದ ಮುಂದೆ ಕೂತು ಆ ಸೂಪರಿಂಟೆಂಡೆಂಟ್‌ಗೆ ಮನಸ್ಸಲ್ಲೇ ಉತ್ತರ ಕೊಡ್ತಿದ್ದೆ. ಒಂದೇ ಮಾತನ್ನ ತಿದ್ದಿ ತಿದ್ದಿ. ಅಲೆ ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ. ಫೋನಲ್ಲಿ ಮಾತ್ರ ಆರುನೂರು ಫೋಟೋ.

ಹಂಪಿಯಲ್ಲಿ ದುಡ್ಡು ಎಣಿಸಿದೆ. 19,400 ಖರ್ಚಾಗಿತ್ತು. ಶೀಟ್ ಅಳಿಸಿ ಹಾಕಿದೆ. ನಾಗಪುರದ ದೀಕ್ಷಾಭೂಮಿಗೆ ಹೋಗು ಅಂತ ಒಬ್ಬ ಗೆಳೆಯ ಹೇಳಿದ. ಅಲ್ಲಿಗೆ ಹಿಂದೆ ಎರಡು ಸಲ ಹೋಗಿದ್ದೀನಿ, ಆ ಜನಸಾಗರದಲ್ಲಿ ನಿಂತ್ರೆ ಮೈ ಬಿಸಿಯಾಗುತ್ತೆ. ಆದ್ರೆ ನನಗೆ ಆಗ ಬೇಕಿದ್ದದ್ದು ಬಿಸಿ ಅಲ್ಲ. ನಾಳೆ ಬೆಳಗ್ಗೆ ಎದ್ದು ಹೊರಡಬೇಕಿಲ್ಲದ ಜಾಗ, ಹೆಸರು ಕೇಳಿದ್ರೆ ಮೈ ಬಿಗಿಯಾಗದ ಜಾಗ. ಕಲಬುರಗಿ ಕಡೆಯ ಸಂಗಾತಿಯೊಬ್ಬರ ಅಕ್ಕನ ಮನೆ ಸನ್ನತಿ ಹತ್ತಿರದ ಒಂದು ಹಳ್ಳಿ ಕೇರಿಯಲ್ಲಿತ್ತು. ಹೊಸಪೇಟೆಯಿಂದ ಗುಂತಕಲ್, ಅಲ್ಲಿ ರೈಲು ಬದಲಿಸಿ ನಾಲವಾರ, ಅಲ್ಲಿಂದ ಟಂಟಂ.

ಮೊದಲ ನಾಲ್ಕು ದಿನ ನರಕ. ಇದನ್ನ ಯಾರೂ ಹೇಳಲ್ಲ, ಅದಕ್ಕೇ ಹೇಳ್ತಿದ್ದೀನಿ. ತಲೆನೋವು, ಸುಮ್ಮಸುಮ್ಮನೆ ಸಿಟ್ಟು, ಮಧ್ಯಾಹ್ನ ಮೂರಾದ್ರೆ ಏನೋ ಮರೆತವನ ಹಾಗೆ ಚಡಪಡಿಕೆ. ಅದು ಆಫೀಸಲ್ಲಿ ಟಪಾಲು ಕಳಿಸೋ ಹೊತ್ತು. ನಾಲ್ಕನೇ ದಿನ ಬ್ಯಾಗು ಕಟ್ಟಿದ್ದೆ. ಅಕ್ಕ ನೋಡಿ, "ಕುಂತು ಕುಂತು ಹುಚ್ಚ ಹಿಡಿತದ ತಮ್ಮಾ, ನಾಳಿ ಹೊಲಕ್ಕ ಬಾ" ಅಂದ್ರು.

ಹತ್ತಿ ಬಿಡಿಸೋ ಕಾಲ. ಇಬ್ಬನಿ ಆರೋವರೆಗೂ ಶುರು ಮಾಡಂಗಿಲ್ಲ, ಒದ್ದೆ ಹತ್ತಿ ಕೂಡಿಟ್ರೆ ಬಣ್ಣ ಕೆಡುತ್ತೆ. ಕಾಯಿಯ ಒಣ ಸಿಪ್ಪೆ ಸೂಜಿ ಇದ್ದಂಗೆ, ಉಗುರಿನ ಬುಡಕ್ಕೇ ಚುಚ್ಚುತ್ತೆ. ಕಸ ಬರದಂಗೆ ಅರಳೆ ಮಾತ್ರ ಎಳೆದು ಉಡಿಗೆ ತುಂಬಬೇಕು. ಕೂಲಿ ಕಿಲೋ ಲೆಕ್ಕದಲ್ಲಿ. ಸಂಜೆ ತೂಕ ಹಾಕಿದ್ರೆ ಅಕ್ಕಂದು ನಲವತ್ತರ ಮೇಲೆ, ನಂದು ಒಂಬತ್ತು. "ನೀ ಹತ್ತಿ ಬಿಡಸ್ಲಿಕತ್ತಿಲ್ಲ, ಎಣಸ್ಲಿಕತ್ತಿ" ಅಂತ ಅಕ್ಕ ನಕ್ಕರೆ ಸಾಲಿನ ಹೆಂಗಸರೆಲ್ಲಾ ನಕ್ಕರು. ನಾನೂ ನಕ್ಕೆ. ಎಷ್ಟೋ ತಿಂಗಳಾದ ಮೇಲೆ.

ತಪ್ಪು ತಿಳೀಬೇಡಿ, ಕೂಲಿ ಮಾಡೋದು ವಿಶ್ರಾಂತಿ ಅಂತ ನಾನು ಹೇಳ್ತಿಲ್ಲ. ನಮ್ಮವ್ವ ಜೀವಮಾನವೆಲ್ಲಾ ಕೂಲಿ ಮಾಡಿ ಬೆನ್ನು ಬಗ್ಗಿಸಿಕೊಂಡವಳು. ನನಗೆ ಅದು ಎಂಟು ದಿನದ ಮಾತು, ಬೇಡ ಅಂದ್ರೆ ಬಿಡಬಹುದಿತ್ತು. ಅಕ್ಕನಿಗೆ ಬಿಡೋ ಹಂಗಿರಲಿಲ್ಲ. ಆ ಊರಲ್ಲೂ ಕೇರಿ ಬೇರೇನೆ ಇದೆ. ಆದ್ರೆ ಕೇರಿಯೊಳಗೆ ನಾನು ಏನನ್ನೂ ಮುಚ್ಚಿಡಬೇಕಿರಲಿಲ್ಲ.

ಸಂಜೆ ಕನಗನಹಳ್ಳಿ ಸ್ತೂಪದ ಕಡೆ ಹೋಗ್ತಿದ್ದೆ. ಭೀಮಾ ನದಿ ದಂಡೆ. ಅಶೋಕ ರಾಣಿಯ ಜೊತೆ ನಿಂತಿರೋ ಶಿಲ್ಪ ಸಿಕ್ಕಿದ್ದು ಅಲ್ಲೇ, ಬ್ರಾಹ್ಮಿಯಲ್ಲಿ 'ರಾಯ ಅಸೋಕೊ' ಅಂತ ಹೆಸರು ಸಮೇತ. ಸನ್ನತಿಯ ಚಂದ್ರಲಾಂಬಾ ಗುಡಿ ಆವರಣದ ಕತೆ ಇನ್ನೂ ವಿಚಿತ್ರ. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಚಾವಣಿ ಕುಸಿದಾಗ ಗೊತ್ತಾಯ್ತು, ವಿಗ್ರಹದ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ ಅಂತ. ವಿಗ್ರಹ ನಿಲ್ಲಿಸೋಕೆ ಅಕ್ಷರಗಳ ನಡುವೆಯೇ ತೂತು ಕೊರೆದಿದ್ರು. ಬೇರೆ ಪಂಥದವರನ್ನು ಗೌರವಿಸಿ, ಮಾತಿನಲ್ಲಿ ಹಿಡಿತ ಇರಲಿ ಅನ್ನೋ ಹನ್ನೆರಡನೇ ಶಾಸನವೂ ಆ ಕಲ್ಲಲ್ಲಿದೆ. ಎಷ್ಟು ಕಾಲ ಅದು ಪಾದದ ಕೆಳಗೆ ಸುಮ್ಮನೆ ಬಿದ್ದಿತ್ತೋ. ಮೊದಲ ಸಂಜೆ ಇದರ ಮೇಲೊಂದು ಪೋಸ್ಟ್ ಬರೀಬೇಕು ಅಂತ ಫೋನ್ ತೆಗೆದೆ. ಆಮೇಲಾಮೇಲೆ ಫೋನ್ ಮನೆಯಲ್ಲೇ ಬಿಟ್ಟು ಹೋಗೋಕೆ ಶುರು ಮಾಡಿದೆ.

ಒಂಬತ್ತನೇ ದಿನವೋ ಹತ್ತನೇ ದಿನವೋ, ರೊಟ್ಟಿ ಪುಂಡಿಪಲ್ಯ ತಿಂತಾ ಕೂತಿದ್ದಾಗ ಇವತ್ತು ಯಾವ ವಾರ ಅಂತ ಅಕ್ಕನ್ನ ಕೇಳಿದೆ. ಕೇಳಿದ ಮೇಲೆ ಹೊಳೀತು, ಎರಡು ದಿನದಿಂದ ಆ ಸೂಪರಿಂಟೆಂಡೆಂಟ್‌ಗೆ ನಾನು ಉತ್ತರ ಕೊಟ್ಟೇ ಇಲ್ಲ ಅಂತ.

ಅಲ್ಲಿ ಹದಿನೇಳು ದಿನ ಇದ್ದೆ. ಖರ್ಚು 4,100. ಅಕ್ಕ ದುಡ್ಡು ಮುಟ್ಟಲಿಲ್ಲ, ಅಕ್ಕಿ ಮೂಟೆ, ಎಣ್ಣೆ ತಂದಿಟ್ಟೆ.

ವಾಪಸ್ ಬಂದಾಗ ಗ್ರಾಚ್ಯುಟಿ ಇನ್ನೂ ಬಂದಿರಲಿಲ್ಲ. ಮೂವತ್ತು ದಿನದೊಳಗೆ ಕೊಡಬೇಕು ಅಂತ ಕಾನೂನಿದೆ. ಆಫೀಸಿಗೆ ಹೋದೆ. ಅದೇ ಸೂಪರಿಂಟೆಂಡೆಂಟ್, "ಏನಪ್ಪ, ಟೂರೆಲ್ಲಾ ಜೋರಾ?" ಅಂದ್ರು. "ಹೂಂ ಸಾರ್, ಹತ್ತಿ ಬಿಡಿಸೋಕೆ ಹೋಗಿದ್ದೆ" ಅಂತ ಹೇಳಿ ಅರ್ಜಿ ಮುಂದಿಟ್ಟು, ಸ್ವೀಕೃತಿ ಸಹಿ ಹಾಕೋವರೆಗೂ ಕುರ್ಚಿ ಎಳ್ಕೊಂಡು ಕೂತಿದ್ದೆ.