ಮೂರು ರೂಪಾಯಿ ಯಾರ ಜೇಬಿನದು?

ಸಗಟು ವ್ಯಾಪಾರ ವಾಶಿಗೆ ಹೋದ ಮೇಲೂ ಬೈಕುಲ್ಲಾದಲ್ಲಿ ತರಕಾರಿ ಮಾರುಕಟ್ಟೆ ನಿಂತಿಲ್ಲ. ಅಲ್ಲಿ ಟೊಮೆಟೊ ಕೊಳ್ಳುವ ಒಬ್ಬ ಕುಂದಾಪುರದ ಹೋಟೆಲಿನವರಿಗೆ ಒಂದು ನಂಬಿಕೆಯಿದೆ: ತೆರಿಗೆ ಹಾಕುವುದಾದರೆ ಮಾರುವವನ ಮೇಲೆ ಹಾಕಲಿ, ಆಗ ತಮ್ಮ ಸಾಂಬಾರಿನ ಖರ್ಚು ಏರುವುದಿಲ್ಲ. ಮಾರುವವನದೂ ಇಂಥದೇ ವಾದ, ತಿರುಗುಮುರುಗು.

ಲೆಕ್ಕಕ್ಕೆಂದು ಕೆಲವು ಅಂಕಿ ಊಹಿಸೋಣ. ಕಿಲೋಗೆ 40 ರೂಪಾಯಿಯಂತೆ ದಿನಕ್ಕೆ 1000 ಕಿಲೋ ಮಾರಾಟ. ಬೆಲೆ ಒಂದು ರೂಪಾಯಿ ಏರಿದರೆ ಗಿರಾಕಿಗಳು 20 ಕಿಲೋ ಕಡಿಮೆ ಕೊಳ್ಳುತ್ತಾರೆ. ಮಾರುವವನ ಕೈಗೆ ಒಂದು ರೂಪಾಯಿ ಕಡಿಮೆ ಸಿಕ್ಕರೆ 40 ಕಿಲೋ ಕಡಿಮೆ ಬರುತ್ತದೆ. ಈಗ ಕಿಲೋಗೆ 3 ರೂಪಾಯಿ ತೆರಿಗೆ. ಕೊಂಡಷ್ಟೂ ತಂದಷ್ಟೂ ಸರಿಹೊಂದಬೇಕಾದರೆ ಗಿರಾಕಿಯ ಬೆಲೆ 42ಕ್ಕೆ ಏರಬೇಕು, ಮಾರುವವನಿಗೆ 39 ಉಳಿಯಬೇಕು. ಇಬ್ಬರ ಕಡೆಯೂ 40 ಕಿಲೋ ಇಳಿದು 960ಕ್ಕೆ ನಿಲ್ಲುತ್ತದೆ. ಮೂರರಲ್ಲಿ ಎರಡು ಗಿರಾಕಿಯದು, ಒಂದು ಮಾರುವವನದು. ಬೆಲೆಗೆ ಕಡಿಮೆ ಜಗ್ಗುವವನಿಗೆ ಹೆಚ್ಚು ಹೊರೆ.

ಹಣ ಯಾರು ಕಟ್ಟಬೇಕೆಂದು ಕಾನೂನು ಹೇಳಿದರೂ ಇದು ಬದಲಾಗದು. ಗಿರಾಕಿಯೇ ಕಟ್ಟಲಿ ಎಂದರೆ ಮಾರುಕಟ್ಟೆಯ ಬೆಲೆ 39ಕ್ಕಿಳಿಯುತ್ತದೆ, ಅದರ ಮೇಲೆ 3 ಸೇರಿ ಮತ್ತೆ 42.

ಕಾಲ ಮಾತ್ರ ಇದನ್ನು ಬದಲಿಸುತ್ತದೆ. ಲಾರಿಯಿಂದ ಆಗಲೇ ಇಳಿದ ಟೊಮೆಟೊ ಹೇಗೂ ಇಂದೇ ಮಾರಬೇಕು, ನಾಳೆಗೆ ಕೊಳೆಯುತ್ತದೆ. ಆ ದಿನ ಗಿರಾಕಿ 40ಕ್ಕಿಂತ ಹೆಚ್ಚು ಕೊಡಬೇಕಿಲ್ಲ, ಮೂರೂ ರೂಪಾಯಿ ಮಾರುವವನ ಮೇಲೆ. ಒಂದು ಬೆಳೆ ಕಳೆದರೆ ರೈತ ಬೇರೆಯದನ್ನು ನೆಡುತ್ತಾನೆ, ಹೊರೆ ಗಿರಾಕಿಯತ್ತ ಸರಿಯುತ್ತದೆ. ಆದ್ದರಿಂದ ತೆರಿಗೆ ಬಂದ ಮೊದಲ ವಾರದ ಬೆಲೆ ನೋಡಿ ತೀರ್ಪು ಕೊಡುವುದು ತಪ್ಪು. ಬೈಕುಲ್ಲಾಕ್ಕೆ ಮಾತ್ರ ತೆರಿಗೆ ಹಾಕಿದರಂತೂ ಗಿರಾಕಿ ದಾದರಿಗೆ ಹೋಗುತ್ತಾನೆ. ಬೈಕುಲ್ಲಾದವನು ಬೆಲೆ ಏರಿಸಲಾರ.

ಇದಕ್ಕೆ ಹತ್ತಿರದ ನಿಜ ಉದಾಹರಣೆ ಕಾಸರಗೋಡಿನ ಕಡೆಯದು. ಕೇರಳ 2023ರ ಏಪ್ರಿಲ್ 1ರಿಂದ ಪೆಟ್ರೋಲ್, ಡೀಸೆಲ್ ಲೀಟರಿಗೆ 2 ರೂಪಾಯಿ ಸಾಮಾಜಿಕ ಭದ್ರತಾ ಸೆಸ್ ಹಾಕಿತು. ರಾಜ್ಯದ ನಡುವೆ ಇರುವವನಿಗೆ ಬೇರೆ ಪಂಪಿಲ್ಲ, ಕೊಡಲೇಬೇಕು. ಮಂಜೇಶ್ವರದಿಂದ ಮಂಗಳೂರಿಗೆ ಹೋಗುವವನು ತಲಪಾಡಿ ದಾಟಿ ಟ್ಯಾಂಕ್ ತುಂಬಿಸಬಹುದು. ಆದರೆ ಟೊಮೆಟೊದಂತೆ ಪಂಪಿನವನು ದರ ಇಳಿಸಿ ಅವನನ್ನು ಉಳಿಸಿಕೊಳ್ಳುವ ಹಾಗಿಲ್ಲ. ದರ ತೈಲ ಕಂಪನಿಯದು, ಅವನಿಗೆ ಲೀಟರಿಗಿಷ್ಟೆಂದು ಕಮಿಷನ್. ಹಾಗಾಗಿ ಅವನ ಪಾಲಿನ ಹೊರೆ ದರದಲ್ಲಿ ಕಾಣುವುದಿಲ್ಲ, ಮಾರದೆ ಉಳಿದ ಲೀಟರುಗಳಲ್ಲಿ ಕಾಣುತ್ತದೆ.