ದಿನಕ್ಕೊಂದು ನಡೆ

ಬ್ಯಾಂಕಿನ ಕೆಲಸ, ಅಡುಗೆ, ಮಗಳ ಹೋಂವರ್ಕ್ ಎಲ್ಲ ಮುಗಿಸಿದ ಮೇಲೆ ನನಗೆ ಉಳಿಯುವುದು ಅಲ್ಲೊಂದು ಹತ್ತು ನಿಮಿಷ, ಇಲ್ಲೊಂದು ಹದಿನೈದು ನಿಮಿಷ. ಆಟವೆಂದರೆ ನನಗೆ ಈಗಲೂ ಆಸೆಯೇ. ಹಾಗಾಗಿ ಫೋನಿನಲ್ಲಿ ಯಾವ ಹೊಸ ಆಟ ಕಂಡರೂ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಎಷ್ಟು ಹೊತ್ತಿಗೆ ಮುಗಿಯುತ್ತದೆ? ನಡುವೆ ಬಿಟ್ಟು ಎದ್ದರೆ ಏನಾಗುತ್ತದೆ?

ಕೆಲವು ಆಟಗಳಿಗೆ ಕೊನೆಯೇ ಇಲ್ಲ. ಒಂದು ಹಂತ ಮುಗಿಯುವಷ್ಟರಲ್ಲಿ ಇನ್ನೊಂದು ತೆರೆದುಕೊಳ್ಳುತ್ತದೆ. ಇನ್ನು ಕೆಲವು, ದಿನವೂ ಬಂದು ಹಾಜರಿ ಹಾಕಿದರೆ ಬಹುಮಾನ ಕೊಡುತ್ತವೆ. ಒಂದು ದಿನ ತಪ್ಪಿದರೆ ಮತ್ತೆ ಮೊದಲಿನಿಂದ ಎಣಿಸುತ್ತವೆ. ಅಂಥವುಗಳಿಗೆ ನನ್ನಲ್ಲಿ ಸಮಯವಿಲ್ಲ. ನನಗೆ ಒಗ್ಗಿದ್ದು ನಮ್ಮ ಹಳೆಯ ಚದುರಂಗವೇ. ಅದನ್ನು ಲಿಚೆಸ್ ಎಂಬ ಉಚಿತ ತಾಣದಲ್ಲಿ ಆಡುತ್ತೇನೆ.

ಅಲ್ಲಿ ಆಟಕ್ಕೆ ಮೊದಲೇ ಗಡಿಯಾರ ಕಟ್ಟಬಹುದು. 5+3 ಎಂದು ಆರಿಸಿದರೆ ಇಬ್ಬರಿಗೂ ತಲಾ ಐದು ನಿಮಿಷ. ಜೊತೆಗೆ ಪ್ರತಿ ನಡೆಗೆ ಮೂರು ಸೆಕೆಂಡು ಸೇರುತ್ತದೆ. ಮಕ್ಕಳೇ, ನೀವೇ ಲೆಕ್ಕ ಹಾಕಿ. ಒಬ್ಬರು ನಲವತ್ತು ನಡೆ ಆಡಿದರೆ ಸಿಗುವ ಹೆಚ್ಚುವರಿ ಸಮಯ 120 ಸೆಕೆಂಡು, ಅಂದರೆ ಎರಡು ನಿಮಿಷ. ಒಬ್ಬರಿಗೆ ಏಳು, ಇಬ್ಬರಿಗೂ ಸೇರಿ ಹದಿನಾಲ್ಕು ನಿಮಿಷ. ಕುಕ್ಕರ್ ಆರುವಷ್ಟರಲ್ಲಿ ಒಂದು ಆಟ!

ಆದರೆ ಎರಡನೆಯ ಪ್ರಶ್ನೆಗೆ ಈ ಬಗೆಯ ಆಟ ಸೋಲುತ್ತದೆ. ನಡುವೆ ಬಾಗಿಲ ಗಂಟೆ ಬಾರಿಸಿದರೂ, ಬಸ್ಸಿನಲ್ಲಿ ನೆಟ್‌ವರ್ಕ್ ಹೋದರೂ ಗಡಿಯಾರ ನಿಲ್ಲುವುದಿಲ್ಲ. ಆಚೆ ಕುಳಿತವರ ಸಮಯಕ್ಕೂ ಬೆಲೆ ಇದೆಯಲ್ಲ! ಹಾಗಾಗಿ 5+3 ಆಟ ಶನಿವಾರ ರಾತ್ರಿ ಮಾತ್ರ, ಮಗಳು ಮಲಗಿದ ಮೇಲೆ, ಎರಡೇ ಎರಡು.

ವಾರದ ಉಳಿದ ದಿನಗಳಿಗೆ ಇನ್ನೊಂದು ದಾರಿ ಇದೆ. ಹಿಂದೆ ದೂರದ ಊರಿನವರು ಒಂದೊಂದೇ ನಡೆಯನ್ನು ಕಾರ್ಡಿನಲ್ಲಿ ಬರೆದು ಅಂಚೆಗೆ ಹಾಕಿ ಚದುರಂಗ ಆಡುತ್ತಿದ್ದರು. ಲಿಚೆಸ್‌ನಲ್ಲೂ ಆ ಬಗೆ ಇದೆ. ಸಾಗರದಲ್ಲಿರುವ ಅಪ್ಪ ಮತ್ತು ನಾನು ಒಂದು ನಡೆಗೆ ಮೂರು ದಿನ ಎಂದು ಇಟ್ಟುಕೊಂಡಿದ್ದೇವೆ. ಒಂದು ನಡೆ ಆಡಿದೊಡನೆ ಎದುರಿನವರಿಗೆ ಹೊಸದಾಗಿ ಮೂರು ದಿನ ಶುರುವಾಗುತ್ತದೆ. ನಾವು ದಿನಕ್ಕೊಂದು ನಡೆ ಆಡುವುದರಿಂದ ಒಂದು ಆಟ ತಿಂಗಳಿಗೂ ಮೀರಿ ನಡೆಯುತ್ತದೆ. ದಿನಕ್ಕೆ ಬೇಕಾಗುವುದು ಐದು ನಿಮಿಷ.

ಹೋದ ಆಟದಲ್ಲಿ ಅಪ್ಪನದು ಬಿಳಿ. ಅವರ ಒಂಟೆ c4ರಲ್ಲಿ ಕುಳಿತು ನನ್ನ ರಾಜನ ಪಕ್ಕದ f7 ಮನೆಯನ್ನು ನೋಡುತ್ತಿತ್ತು. ಕುದುರೆಯೂ g5ಕ್ಕೆ ಹಾರಿ ಅದೇ ಮನೆಗೆ ಗುರಿ ಇಟ್ಟಿತು. ನಾನು ಒಂಟೆಯ ದಾರಿಗೆ ಅಡ್ಡವಾಗಿ d5ಕ್ಕೆ ಕಾಲಾಳು ನೂಕಿದೆ. ಅಪ್ಪ ಅದನ್ನು ಹೊಡೆದರು. ಈಗ ಕುದುರೆಯಿಂದ ತಿರುಗಿ ಹೊಡೆಯಲು ಕೈ ತುರಿಸುತ್ತದೆ. ಹೊಡೆದರೆ ಅಪ್ಪ f7ರಲ್ಲಿ ತಮ್ಮ ಕುದುರೆಯನ್ನೇ ಬಲಿ ಕೊಟ್ಟು ನನ್ನ ರಾಜನನ್ನು ಬಯಲಿಗೆ ಎಳೆಯಬಹುದು. ಬೆಳಿಗ್ಗೆ ಹಲಗೆ ನೋಡಿ ಫೋನ್ ಮುಚ್ಚಿಟ್ಟೆ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಹೊಳೆಯಿತು: ಇನ್ನೊಂದು ಕುದುರೆಯನ್ನು a5ಕ್ಕೆ ತಂದರೆ ಅಪ್ಪನ ಒಂಟೆಯೇ ಜಾಗ ಬಿಡಬೇಕು! ಒಂದು ಕಾಲಾಳು ಹೋಯಿತು, ರಾಜ ಉಳಿದ.

ಇದರಲ್ಲೂ ಒಂದು ತೊಡಕಿದೆ. ಮರುದಿನ ಹಲಗೆ ತೆರೆದರೆ ನಿನ್ನೆಯ ಯೋಚನೆ ಮರೆತಿರುತ್ತದೆ. ಅದಕ್ಕೆ ಆಟದ ಜೊತೆಗೇ ಟಿಪ್ಪಣಿ ಬರೆಯುವ ಜಾಗವಿದೆ. 'ಒಂಟೆ ಓಡಿಸು, ಆಮೇಲೆ ರಾಜನಿಗೆ ಕೋಟೆ' ಎಂದು ಒಂದು ಸಾಲು ಬರೆದಿಡುತ್ತೇನೆ. ಒಂದೇ ಸಲಕ್ಕೆ ಹತ್ತು ಆಟ ಹಿಡಿದರೆ ಐದು ನಿಮಿಷ ಐವತ್ತಾಗುತ್ತದೆ. ನನ್ನ ಮಿತಿ ಎರಡು.

ಅಮ್ಮ ತೀರಿಕೊಂಡ ಮೇಲೆ ಅಪ್ಪ ಒಬ್ಬರೇ ಇದ್ದಾರೆ. ಫೋನ್ ಮಾಡಿದರೆ "ಆರಾಮಿದ್ದೀನಿ ಕಣೆ" ಎಂದಷ್ಟೇ ಹೇಳಿ ಇಟ್ಟುಬಿಡುತ್ತಾರೆ. ಆದರೆ ಬೆಳಿಗ್ಗೆ ಕಾಫಿ ಕುಡಿದು ಏಳು ಗಂಟೆಗೆ ಅವರ ನಡೆ ಬಂದೇ ಬರುತ್ತದೆ. ಕಳೆದ ಮಳೆಗಾಲದಲ್ಲಿ ಒಂದು ದಿನ ಒಂಬತ್ತಾದರೂ ಬರಲಿಲ್ಲ. ಫೋನ್ ಮಾಡಿದೆ.

"ಸ್ವಲ್ಪ ಜ್ವರ ಪುಟ್ಟಿ. ಕನ್ನಡಕ ಹಾಕ್ಕೊಳ್ಳೋಕೂ ಬೇಜಾರು. ನಿನಗ್ಯಾರು ಹೇಳಿದ್ರು?"

"ನಿಮ್ಮ ಕುದುರೆ ಹೇಳ್ತು ಅಪ್ಪಾ."

ಪಕ್ಕದ ಮನೆಯವರು ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮರುದಿನ ಸಂಜೆ ಜ್ವರ ಇಳಿಯಿತು. ಗಡಿಯಾರದಲ್ಲಿ ಇನ್ನೂ ಒಂದು ದಿನ ಬಾಕಿ ಇರುವಾಗಲೇ ಅಪ್ಪ ಎದ್ದು ಕುಳಿತು ನನ್ನ ಆನೆಯನ್ನು ಹೊಡೆದರು.