ಮಡಚಿ ನೋಡಿದ ಅಂಗಿ

ನಾವು ನಾಲ್ವರು ರೂಮ್‌ಮೇಟ್‌ಗಳು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ಊರಿಗೊಬ್ಬರು, ಎಲ್ಲರೂ ದಾವಣಗೆರೆ ಜಿಲ್ಲೆಯವರೇ. ಹೊನ್ನಾಳಿಯವನ ಅಪ್ಪ ಟೈಲರ್. ಅಂಗಡಿ ಗೋಡೆಯ ಮೇಲಿರೋ ಅಂಗಿ ಚಿತ್ರಗಳು ಬಣ್ಣಗೆಟ್ಟಿವೆ, ಹೊಸವು ಬೇಕು ಅಂದಿದ್ದರು. ಇದೇನು ಮಹಾ ಅಂತ ಸ್ಟೇಬಲ್ ಡಿಫ್ಯೂಷನ್‌ನಲ್ಲಿ ಒಂದೇ ರಾತ್ರಿ 20 ಚಿತ್ರ ಮಾಡಿದೆವು. ಎಲ್ಲವೂ ಮೇಜಿನ ಮೇಲೆ ಹರವಿಟ್ಟು ಮೇಲಿಂದ ಫೋಟೋ ತೆಗೆದಂಥ ಅಂಗಿಗಳು.

ರಜೆಗೆ ಹೊನ್ನಾಳಿಗೆ ಹೋದಾಗ ಪ್ರಿಂಟ್ ಹಾಕಿಸಿ ತೋರಿಸಿದೆವು. ಅವರು ಮೊದಲ ಹಾಳೆಯನ್ನೇ ಗುಂಡಿಗಳ ಸಾಲಿನ ಮೇಲೆ ಉದ್ದಕ್ಕೆ ಮಡಚಿ ಬೆಳಕಿಗೆ ಹಿಡಿದರು. "ನೋಡ್ರಪ್ಪಾ, ಕಾಲರ್ ತುದಿ ಕೂಡಲ್ಲ, ಒಂದು ತೋಳು ಗಿಡ್ಡ. ಇದನ್ನ ತೋರ್ಸಿ ಇಂಥದ್ದೇ ಹೊಲಿರಿ ಅಂದ್ರೆ ಗಿರಾಕಿಗೆ ಏನು ಹೇಳ್ಲಿ?" ಅಂದರು. ನಮಗೆ ಅಲ್ಲಿವರೆಗೂ ಅದು ಕಂಡೇ ಇರಲಿಲ್ಲ.

ಟೈಲರ್ ಎರಡು ತೋಳನ್ನೂ ಒಂದೇ ಅಳತೆಯಲ್ಲಿ ಕತ್ತರಿಸ್ತಾರೆ. ಚಿತ್ರ ಬಿಡಿಸೋ ಮಾಡೆಲ್ ಹತ್ತಿರ ಅಳತೆಯೇ ಇಲ್ಲ. ಎಡಭಾಗ ಬಲಭಾಗ ಎರಡೂ ಅಂಗಿಯ ಹಾಗೆ ಕಂಡರೆ ಅದಕ್ಕೆ ಸಾಕು. ಜೊತೆಗೆ ಅದು 8×8 ಪಿಕ್ಸೆಲ್‌ಗೆ ಒಂದು ಮನೆಯಂತೆ ಚಿತ್ರವನ್ನು ಕುಗ್ಗಿಸಿಕೊಂಡು ಕೆಲಸ ಮಾಡುತ್ತೆ. ನಮ್ಮ 768 ಪಿಕ್ಸೆಲ್ ಚಿತ್ರ ಅದಕ್ಕೆ ಬರೀ 96 ಮನೆ ಅಗಲ. ಒಂದು ಗುಂಡಿಗೆ ಒಂದು ಮನೆ ಸಿಕ್ಕರೆ ಹೆಚ್ಚು. ಹಾಗಾಗಿ ಕಾಲರ್ ತುದಿ, ಗುಂಡಿಗಳಲ್ಲೇ ತಪ್ಪು ಜಾಸ್ತಿ.

ವಾಪಸ್ ಬಂದು ಅವರ ಮಡಚುವ ಕೆಲಸವನ್ನೇ ಲೆಕ್ಕಕ್ಕೆ ಇಳಿಸಿದೆವು. ಮೇಲಿನ ಗುಂಡಿಯಿಂದ ಕೆಳಗಿನ ಗುಂಡಿಗೆ ಗೆರೆ ಎಳೆದು, ಅದು ನೆಟ್ಟಗೆ ಆಗೋವರೆಗೂ ಚಿತ್ರ ತಿರುಗಿಸಬೇಕು. ಗೆರೆಯಿಂದ ಎರಡೂ ಕಾಲರ್ ತುದಿಗೆ ಎಷ್ಟು ದೂರ, ಭುಜದ ಹೊಲಿಗೆಯಿಂದ ಕಫ್‌ವರೆಗೆ ಎರಡೂ ತೋಳು ಎಷ್ಟುದ್ದ ಅಂತ ಅಳೆಯಬೇಕು. ವ್ಯತ್ಯಾಸ ಶೇಕಡಾವಾರು ಹೀಗೆ:

```python
def diff(l, r):
    return abs(l - r) / ((l + r) / 2) * 100
```

ಆ ಮೊದಲ ಅಂಗಿಯಲ್ಲಿ ಕಾಲರ್ ತುದಿಗಳು 52 ಮತ್ತು 67 ಪಿಕ್ಸೆಲ್ ದೂರದಲ್ಲಿದ್ದವು, ಅಂದರೆ 25% ವ್ಯತ್ಯಾಸ. ತೋಳುಗಳು 262 ಮತ್ತು 240, ಅಂದರೆ ಸುಮಾರು 9%. ನಾವು 4% ದಾಟಿದ್ದನ್ನೆಲ್ಲ ತಪ್ಪು ಅಂತ ಗುರುತು ಹಾಕಿಕೊಂಡೆವು.

ಸರಿ ಮಾಡೋಕೆ ಮೊದಲು ಹೊಳೆದದ್ದು ಸುಲಭದ ದಾರಿ. ಚೆನ್ನಾಗಿರೋ ಎಡ ಅರ್ಧವನ್ನು ಕನ್ನಡಿಯಂತೆ ತಿರುಗಿಸಿ ಬಲಕ್ಕೆ ಅಂಟಿಸಿದೆವು. ಅಳತೆ ಸೊನ್ನೆ ವ್ಯತ್ಯಾಸ ತೋರಿಸಿತು! ವಾಟ್ಸಾಪ್‌ನಲ್ಲಿ ಕಳಿಸಿದ್ದಕ್ಕೆ ಅಪ್ಪ ಫೋನ್ ಮಾಡಿ ನಕ್ಕರು: "ಜೇಬು ಎಲ್ಲಿ ಹೋಯ್ತು? ಗುಂಡಿಪಟ್ಟಿಗೆ ಎರಡೂ ಕಡೆ ಅಂಚು ಬಂದೈತಲ್ಲೋ!"

ಅವರು ಹೇಳಿದ ಮೇಲೇ ನಮಗೆ ಗೊತ್ತಾಗಿದ್ದು, ಅಂಗಿ ಪೂರ್ತಿ ಸಮವಲ್ಲ. ಗಂಡಸರ ಅಂಗಿಯಲ್ಲಿ ತೊಟ್ಟವನ ಎಡಗಡೆ ಬಟ್ಟೆ ಮೇಲೆ ಬರುತ್ತೆ, ಕಾಜಾ ಅದರಲ್ಲಿರುತ್ತೆ. ಚಿತ್ರ ನೋಡುವವರಿಗೆ ಪಟ್ಟಿಯ ಅಂಚು ಗುಂಡಿ ಸಾಲಿನ ಎಡಕ್ಕೆ ಕಾಣಬೇಕು, ಜೇಬು ಬಲಕ್ಕೆ. ಕಾಲರ್ ಮತ್ತು ತೋಳಿನಲ್ಲಿ ಸಮ ಹುಡುಕಬೇಕು. ಗುಂಡಿಪಟ್ಟಿಯಲ್ಲಿ ಮಾತ್ರ ಅಂಚು ಸರಿಯಾದ ಕಡೆ ಇದೆಯಾ, ಗುಂಡಿಗಳ ನಡುವಿನ ಅಂತರ ಒಂದೇ ಇದೆಯಾ ಅಂತ ನೋಡಬೇಕು.

ಹಾಗಾಗಿ ಎರಡನೇ ಸುತ್ತು ತುಂಡು ತುಂಡಾಗಿ ಮಾಡಿದೆವು. ಎಡ ಕಾಲರ್ ರೆಕ್ಕೆಯನ್ನಷ್ಟೇ ತಿರುಗಿಸಿ ಬಲಕ್ಕೆ ಇಟ್ಟೆವು, ಕುತ್ತಿಗೆ ಪಟ್ಟಿಯನ್ನು ಮುಟ್ಟಲಿಲ್ಲ. ಗಿಡ್ಡ ತೋಳಿನ ಕಫ್ಫನ್ನು 22 ಪಿಕ್ಸೆಲ್ ಮುಂದೆ ಸರಿಸಿದೆವು. ಆಮೇಲೆ ಅಂಟಿಸಿದ ಜಾಗಕ್ಕೆ ಮಾತ್ರ ಮಾಸ್ಕ್ ಬಳಿದು, `Only masked` ಆರಿಸಿ ಮತ್ತೆ ಓಡಿಸಿದೆವು. ಹಾಗೆ ಮಾಡಿದರೆ ಆ ತುಂಡನ್ನಷ್ಟೇ ದೊಡ್ಡದು ಮಾಡಿಕೊಂಡು ಬಿಡಿಸಿ, ಮತ್ತೆ ಕುಗ್ಗಿಸಿ ಕೂರಿಸುತ್ತೆ. ಸಣ್ಣ ಹೊಲಿಗೆಗೂ ಜಾಗ ಸಿಗುತ್ತೆ.

ಆಟ ಇರೋದು `denoising strength` ನಲ್ಲಿ. 0.75 ಇಟ್ಟಾಗ ಮಾಡೆಲ್ ಕಾಲರನ್ನು ಹೊಸದಾಗಿ ಬಿಡಿಸಿ ಮತ್ತೆ ಸೊಟ್ಟ ಮಾಡಿತು. 0.1ಕ್ಕೆ ಅಂಟಿಸಿದ ಗೆರೆ ಹಾಗೇ ಉಳಿಯಿತು, ತಿರುಗಿಸಿದ ನೆರಳೂ ಬೆಳಕಿನ ಕಡೆಗೇ ಬಿದ್ದಿತ್ತು. 0.35ರಲ್ಲಿ ಆಕಾರ ಉಳಿದು ಗೆರೆ, ನೆರಳು ಸರಿಹೋದವು. ಮತ್ತೆ ಅಳೆದಾಗ ಕಾಲರ್ 52 ಮತ್ತು 53, ತೋಳು 262 ಮತ್ತು 259.

ಈ ಅಳತೆ ಹರವಿಟ್ಟ ಅಂಗಿಗೆ ಮಾತ್ರ ನಡೆಯುತ್ತೆ. ತೊಟ್ಟು ಪಕ್ಕಕ್ಕೆ ತಿರುಗಿ ನಿಂತವನ ಒಂದು ತೋಳು ಗಿಡ್ಡ ಕಾಣೋದೇ ಸರಿ. ಪಟ್ಟೆ ಅಂಗಿಗಳಲ್ಲಿ ತಿರುಗಿಸಿದ ಕಾಲರ್‌ನ ಗೆರೆಗಳು ಬಟ್ಟೆಗೆ ಕೂಡದೆ ಆರು ಚಿತ್ರ ಕೈಬಿಟ್ಟೆವು.

ಉಳಿದ 14 ಈಗ ಹೊನ್ನಾಳಿಯ ಗೋಡೆಯ ಮೇಲಿವೆ. ಹಾಕುವ ಮುಂಚೆ ಅಪ್ಪ ಒಂದೊಂದನ್ನೂ ಮಡಚಿ ನೋಡಿದರು. ಎಲ್ಲಾ ಚಿತ್ರಗಳ ನಡುವೆ ಇನ್ನೂ ಆ ಮಡಿಕೆಯ ಗೆರೆ ಕಾಣುತ್ತೆ.